ಮಗುವಿನ ಫೋಟೋ ಕೊಟ್ಟು ಭಾವಚಿತ್ರ ಬರೆಸುವಾಗ: ಹೇಗೆ ಕಳಿಸುವುದು, ಎಲ್ಲಿ ಇಡುವುದು, ಎಷ್ಟು ತೋರಿಸುವುದು

ಕಳೆದ ಜೂನ್‌ನಲ್ಲಿ ಮುಂಬೈಯ ಮುಲುಂಡಿನ ಅಜ್ಜಿಯೊಬ್ಬರು ಮೊಮ್ಮಗಳ ಪೆನ್ಸಿಲ್ ಚಿತ್ರ ಬೇಕೆಂದು ನನಗೆ ಒಂದು ಫೋಟೋ ಕಳಿಸಿದರು. ಮೊಮ್ಮಗಳು ಪುಣೆಯಲ್ಲಿ ಅಪ್ಪ ಅಮ್ಮನ ಜೊತೆ ಇರುವವಳು, ಏಳು ವರ್ಷ. ಶಾಲೆ ಶುರುವಾದ ದಿನ ಅವರ ವಸತಿ ಸೊಸೈಟಿಯ ಗೇಟಿನ ಮುಂದೆ ನಿಲ್ಲಿಸಿ ತೆಗೆದ ಫೋಟೋ ಅದು. ಹೊಸ ಯೂನಿಫಾರ್ಮು, ಹೆಗಲಿಗೆ ಜೋತುಬಿದ್ದ ನೀರಿನ ಬಾಟಲಿ, ಮುಂದಿನ ಎರಡು ಹಲ್ಲು ಬಿದ್ದ ನಗು. ಆ ನಗು ಮತ್ತೆ ಸಿಗುವುದಿಲ್ಲ, ಹಲ್ಲು ಬರುವ ಮೊದಲು ಬರೆದುಕೊಡು ಎಂದು ಅಜ್ಜಿಯ ಒತ್ತಾಯ.

ಕಣ್ಣು ಹೇಗಿದೆ ನೋಡೋಣ ಎಂದು ನಾನು ಫೋಟೋ ಹಿಗ್ಗಿಸಿದೆ. ಕಣ್ಣಿಗಿಂತ ಮೊದಲು ಕತ್ತಿನಲ್ಲಿದ್ದ ಐಡಿ ಕಾರ್ಡು ಕಂಡಿತು. ಹೆಸರು, ತರಗತಿ, ಅಪ್ಪನ ಮೊಬೈಲ್ ನಂಬರು ಮೂರನ್ನೂ ಓದಬಹುದಿತ್ತು. ಜೇಬಿನ ಮೇಲೆ ಶಾಲೆಯ ಲಾಂಛನ, ಹಿಂದೆ ಗೇಟಿನ ಮೇಲೆ ಸೊಸೈಟಿಯ ಹೆಸರು, ಪಕ್ಕದಲ್ಲಿ ಸ್ಕೂಲ್ ವ್ಯಾನಿನ ನಂಬರ್ ಪ್ಲೇಟು. ಸಾಲದ್ದಕ್ಕೆ, ‘ಕ್ವಾಲಿಟಿ ಹಾಳಾಗಬಾರದು’ ಎಂದು ಯಾರೋ ಹೇಳಿಕೊಟ್ಟಿದ್ದರಿಂದ ಅಜ್ಜಿ ಅದನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದ್ದರು. ಹಾಗೆ ಕಳಿಸಿದ ಫೈಲಿನೊಳಗೆ ಫೋನು ಬರೆದಿಟ್ಟ ಜಾಗದ ಅಕ್ಷಾಂಶ ರೇಖಾಂಶ, ದಿನಾಂಕ, ಗಂಟೆ ನಿಮಿಷ ಎಲ್ಲವೂ ಹಾಗೇ ಇರುತ್ತದೆ. ಮಗು ಯಾರು, ಎಲ್ಲಿರುತ್ತದೆ, ಎಲ್ಲಿ ಓದುತ್ತದೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಗೇಟಿನ ಹೊರಗೆ ನಿಲ್ಲುತ್ತದೆ, ಎಲ್ಲವೂ ಒಂದೇ ಫೋಟೋದಲ್ಲಿ. ಚಿತ್ರಕ್ಕೆ ನನಗೆ ಬೇಕಿದ್ದದ್ದು ಮುಖ, ಕೂದಲು ಮತ್ತು ಕಾಲರಿನ ಅಂಚು ಮಾತ್ರ.

ಮುಂಬೈಯಲ್ಲಿ ಕೂತು ಊರಿನವರಿಗೆ, ಇಲ್ಲಿಯವರಿಗೆ ಮಕ್ಕಳ ಭಾವಚಿತ್ರ ಬರೆದುಕೊಡುವುದು ನನ್ನ ಕೆಲಸ. ಈ ಒಂದು ಆರ್ಡರನ್ನೇ ಹಿಡಿದುಕೊಂಡು, ಫೋಟೋ ಕಳಿಸುವ, ಇಡುವ, ಮುದ್ರಿಸುವ, ತೋರಿಸುವ ಪ್ರತಿ ಹಂತದಲ್ಲೂ ಇರುವ ದಾರಿಗಳನ್ನು ಅಕ್ಕಪಕ್ಕ ಇಟ್ಟು ಹೇಳುತ್ತೇನೆ. ಬರೆಸುವವರಿಗೂ ಬರೆಯುವವರಿಗೂ ಇದು ಬೇಕಾಗುತ್ತದೆ.

ಮೊದಲು, ಹೂಂ ಅನ್ನಬೇಕಾದವರು ಯಾರು

ಅಜ್ಜಿಗೆ ಆ ಫೋಟೋ ಸಿಕ್ಕಿದ್ದು ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ. ತೆಗೆದದ್ದು ಅಳಿಯ. ಮಗಳಿಗೆ ಹೇಳಿದ್ದೀರಾ ಎಂದು ಕೇಳಿದೆ. “ಎಂಥ ಮಾರಾಯ್ತಿ, ನನ್ನ ಮೊಮ್ಮಗಳ ಫೋಟೋಕ್ಕೆ ನಾನೇ ಕೇಳ್ಬೇಕಾ? ಅವರಿಗೆ ಗೊತ್ತಾಗದ ಹಾಗೆ ಕೊಡುವ ಅಂತ ಇದ್ದೆ” ಅಂದರು.

ಅಜ್ಜಿಯ ಪ್ರೀತಿ ದೊಡ್ಡದೇ, ಆದರೆ ಒಪ್ಪಿಗೆ ಅಪ್ಪ ಅಮ್ಮನದೇ ಆಗಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ತಂದೆತಾಯಿಯ ಅಥವಾ ಕಾನೂನುಬದ್ಧ ಪೋಷಕರ ಒಪ್ಪಿಗೆ ಬೇಕು, ಅದೂ ಖಚಿತಪಡಿಸಿಕೊಳ್ಳಬಹುದಾದ ಒಪ್ಪಿಗೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಮನೆಯ ಬಳಕೆಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅಜ್ಜಿ ತನ್ನ ಫೋನಿನಲ್ಲಿ ಮೊಮ್ಮಗಳ ಫೋಟೋ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ನಾನು ದುಡ್ಡು ತೆಗೆದುಕೊಂಡು ಬರೆಯುವವಳು, ಆ ವಿನಾಯಿತಿಯೊಳಗೆ ಅಡಗಿಕೊಳ್ಳಲು ಆಗುವುದಿಲ್ಲ, ಅಡಗಿಕೊಳ್ಳುವ ಮನಸ್ಸೂ ಇಲ್ಲ.

ಗುಟ್ಟಾಗಿಯೇ ಉಡುಗೊರೆ ಕೊಡಬೇಕೆಂದರೆ ತಂದೆ ತಾಯಿಯಲ್ಲಿ ಒಬ್ಬರಿಗಾದರೂ ತಿಳಿಸಿ, ಅವರು ಇನ್ನೊಬ್ಬರಿಗೆ ಹೇಳದಿದ್ದರಾಯಿತು. ಇಲ್ಲಿ ಅಜ್ಜಿ ಮಗಳಿಗೆ ಹೇಳಿದರು, ಅಳಿಯನಿಗೆ ಹೇಳಲಿಲ್ಲ. ನಾನು ಮಗಳಿಗೆ ಕಳಿಸಿದ ಸಂದೇಶ ಇಷ್ಟೇ: “ನಿಮ್ಮ ಮಗಳ ಒಂದು ಫೋಟೋ ನೋಡಿ ಎ3 ಅಳತೆಯ ಪೆನ್ಸಿಲ್ ಚಿತ್ರ ಬರೆಯುತ್ತೇನೆ. ಫೋಟೋವನ್ನು ನನ್ನನ್ನು ಬಿಟ್ಟು ಯಾರೂ ನೋಡುವುದಿಲ್ಲ. ಚಿತ್ರ ನಿಮ್ಮ ಕೈ ಸೇರಿ 15 ದಿನಕ್ಕೆ ಫೋಟೋ ಅಳಿಸುತ್ತೇನೆ. ಚಿತ್ರವನ್ನು ಎಲ್ಲೂ ಹಾಕುವುದಿಲ್ಲ, ಹಾಕಬೇಕೆನಿಸಿದರೆ ಬೇರೆಯಾಗಿ ಕೇಳುತ್ತೇನೆ. ಒಪ್ಪಿಗೆ ಇದ್ದರೆ ಹಾಗೆಂದು ಬರೆದು ಕಳಿಸಿ.” ಬರೆಯಲು ಒಪ್ಪಿಗೆ ಬೇರೆ, ಹಾಕಲು ಒಪ್ಪಿಗೆ ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ಆರ್ಡರ್ ಕೊಟ್ಟ ದಾಕ್ಷಿಣ್ಯಕ್ಕೆ ಜನ ಎರಡಕ್ಕೂ ಹೂಂ ಅಂದುಬಿಡುತ್ತಾರೆ. ಏಳೆಂಟು ವರ್ಷದ ಮೇಲಿನ ಮಗುವಾದರೆ ಮಗುವನ್ನೂ ಒಂದು ಮಾತು ಕೇಳಿ ಎನ್ನುತ್ತೇನೆ. ಹಲ್ಲು ಬಿದ್ದ ಮುಖ ಗೋಡೆಯ ಮೇಲೆ ಬೇಡ ಎನ್ನುವ ಮಕ್ಕಳೂ ಇದ್ದಾರೆ, ಅದು ನ್ಯಾಯವೇ.

ಕಳಿಸುವ ದಾರಿಗಳು

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಚಿತ್ರಕಾರರಿಗೆ ಸ್ಪಷ್ಟವಾದ ಫೋಟೋ ಬೇಕು, ಸ್ಪಷ್ಟ ಫೋಟೋ ಅಂದರೆ ಪೂರ್ತಿ ಮೂಲ ಫೈಲು ಎಂಬ ನಂಬಿಕೆ ಇದೆ. ನಾವು ಚಿತ್ರಕಾರರೇ ಅದನ್ನು ಹಬ್ಬಿಸಿದ್ದೇವೆ, ‘ಒರಿಜಿನಲ್ ಕಳಿಸಿ’ ಎಂದು ಕೇಳಿ ಕೇಳಿ.

ಲೆಕ್ಕ ಹಾಕಿ ನೋಡೋಣ. ಅಜ್ಜಿ ಕಳಿಸಿದ ಫೋಟೋ 3000 ಅಗಲ, 4000 ಎತ್ತರದ ಪಿಕ್ಸೆಲ್‌ಗಳದ್ದು. ಹುಡುಗಿ ತಲೆಯಿಂದ ಕಾಲಿನವರೆಗೆ ಇದ್ದಾಳೆ. ಹಾಗಾಗಿ ಮುಖದ ಅಗಲ ಬರೀ 400 ಪಿಕ್ಸೆಲ್. ಮುಖದ ಅಗಲದಲ್ಲಿ ಸುಮಾರು ಐದು ಕಣ್ಣು ಹಿಡಿಯುತ್ತದೆ ಎಂಬುದು ಚಿತ್ರ ಕಲಿಯುವವರಿಗೆಲ್ಲ ಮೊದಲು ಹೇಳಿಕೊಡುವ ಅಳತೆ. ಅಂದರೆ ಒಂದು ಕಣ್ಣಿಗೆ 80 ಪಿಕ್ಸೆಲ್. ರೆಪ್ಪೆಯ ಸಾಲು, ಕಣ್ಣಿನೊಳಗೆ ಹೊಳೆಯುವ ಬೆಳಕಿನ ಚುಕ್ಕೆ ಎಲ್ಲಿ ಕೂತಿದೆ ಎಂದು ತಿಳಿಯಲು ಅಷ್ಟು ಸಾಕು.

ಇದೇ ಫೋಟೋವನ್ನು ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಮುಖ 160ಕ್ಕೆ, ಕಣ್ಣು 32ಕ್ಕೆ. ಬೆಳಕಿನ ಚುಕ್ಕೆ ಒಂದು ಬಿಳಿ ಕಲೆಯಾಗುತ್ತದೆ, ರೆಪ್ಪೆ ಕಪ್ಪು ಪಟ್ಟಿಯಾಗುತ್ತದೆ. ಆಗ ಚಿತ್ರಕಾರರು ‘ಡಾಕ್ಯುಮೆಂಟ್ ಮಾಡಿ ಕಳಿಸಿ’ ಅನ್ನುತ್ತಾರೆ. ಮುಖ ಸ್ಪಷ್ಟವಾಗುತ್ತದೆ, ಜೊತೆಗೆ ಗೇಟು, ಐಡಿ ಕಾರ್ಡು, ವ್ಯಾನು, ಅಕ್ಷಾಂಶ ರೇಖಾಂಶ ಎಲ್ಲವೂ ಬರುತ್ತವೆ. ಎಚ್‌ಡಿ ಒತ್ತಿ ಕಳಿಸಿದರೆ ಒಳಗಿನ ಜಾಗದ ಮಾಹಿತಿ ಕಳಚಿ ಹೋಗುತ್ತದೆ, ಆದರೆ ಐಡಿ ಕಾರ್ಡು ಓದಲು ಬರುವಷ್ಟೇ ಚೆನ್ನಾಗಿ ಬರುತ್ತದೆ.

ಇನ್ನೊಂದು ದಾರಿ ಇದೆ. ಕಳಿಸುವ ಮೊದಲೇ ತಲೆ ಮತ್ತು ಹೆಗಲು ಮಾತ್ರ ಉಳಿಯುವಂತೆ ಫೋಟೋ ಕತ್ತರಿಸಿ. ಈ ಫೋಟೋದಲ್ಲಿ ಅದು ಸುಮಾರು 1200 ಅಗಲ, 1500 ಎತ್ತರ ಆಗುತ್ತದೆ. ಉದ್ದದ ಬದಿ 1600ಕ್ಕಿಂತ ಕಡಿಮೆ ಇರುವುದರಿಂದ ವಾಟ್ಸಾಪ್ ಅದನ್ನು ಕುಗ್ಗಿಸುವ ಪ್ರಶ್ನೆಯೇ ಬರುವುದಿಲ್ಲ, ಸ್ವಲ್ಪ ಒತ್ತಿ ಸಣ್ಣದು ಮಾಡುತ್ತದೆ ಅಷ್ಟೇ. ಮುಖ 400 ಪಿಕ್ಸೆಲ್ಲೇ ಉಳಿಯಿತು, ಕಣ್ಣು 80 ಪಿಕ್ಸೆಲ್ಲೇ ಉಳಿಯಿತು. ಮಾಮೂಲಿ ಫೋಟೋ ಥರ ಕಳಿಸಿದ್ದರಿಂದ ಜಾಗದ ಮಾಹಿತಿಯೂ ಹೋಯಿತು. ಮಗುವಿನ ಗುಟ್ಟು ಕಾಯಬೇಕೆಂದರೆ ಚಿತ್ರದ ಗುಣ ಬಿಟ್ಟುಕೊಡಬೇಕು ಎಂದು ನಾನು ತುಂಬ ವರ್ಷ ತಿಳಿದಿದ್ದೆ. ಎರಡೂ ಒಂದೇ ಕತ್ತರಿಯಲ್ಲಿ ಸಿಗುತ್ತವೆ.

ಅಜ್ಜಿಗೆ ಕ್ರಾಪ್ ಮಾಡಲು ಬರುತ್ತಿರಲಿಲ್ಲ. ಅವರಿಗೆ ಫೋನಿನಲ್ಲಿ ಹೇಳಿಕೊಟ್ಟದ್ದು ಇದು: ಫೋಟೋ ತೆರೆಯಿರಿ, ಎರಡು ಬೆರಳಿಟ್ಟು ಹಿಗ್ಗಿಸಿ, ಮೊಮ್ಮಗಳ ತಲೆ ಹೆಗಲು ಪರದೆ ತುಂಬಿದಾಗ ಸ್ಕ್ರೀನ್‌ಶಾಟ್ ತೆಗೆಯಿರಿ, ಅದನ್ನು ಕಳಿಸಿ. ಅವರ ಫೋನಿನ ಪರದೆ 1080 ಪಿಕ್ಸೆಲ್ ಅಗಲ. ಮೂಲದ 1200 ಪಿಕ್ಸೆಲ್ ಅದರಲ್ಲಿ ಕೂತರೆ ಕಳೆದುಹೋಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಸ್ಕ್ರೀನ್‌ಶಾಟಿನೊಳಗೆ ಮೂಲ ಫೋಟೋದ ಜಾಗದ ಮಾಹಿತಿ ಬರುವುದಿಲ್ಲ. ಕತ್ತಿನ ದಾರ ಕಾಣುತ್ತಿತ್ತು, ಐಡಿ ಕಾರ್ಡು ಕೆಳಗೆ ಉಳಿದುಹೋಯಿತು. ಜೇಬಿನ ಲಾಂಛನದ ಒಂದು ತುದಿ ಉಳಿದಿತ್ತು, ಅದನ್ನು ಫೋನಿನ ಎಡಿಟ್‌ನಲ್ಲಿರುವ ಪೆನ್ನಿನಿಂದ ಪೂರಾ ಕಪ್ಪು ಬಳಿಯಲು ಹೇಳಿದೆ. ಮಂಜು ಮಾಡುವುದಕ್ಕಿಂತ ಬಳಿಯುವುದೇ ಸರಿ, ಮಂಜಿನ ಹಿಂದಿನ ಬಣ್ಣ ಮತ್ತು ಆಕಾರ ಗೊತ್ತಿದ್ದವರಿಗೆ ಸುಳಿವು ಕೊಡುತ್ತದೆ. ಬಳಿಯುವಾಗ ಹೈಲೈಟರ್ ಬೇಡ, ಅದು ಪಾರದರ್ಶಕ. ಗಟ್ಟಿ ಬಣ್ಣದ ಪೆನ್ನೇ ಬೇಕು.

ಇನ್ನು ಉಳಿದ ದಾರಿಗಳು. ಇಮೇಲ್ ಮೂಲ ಫೈಲನ್ನೇ ಒಯ್ಯುತ್ತದೆ, ಜಾಗದ ಮಾಹಿತಿಯ ಸಮೇತ, ಮತ್ತು ಎರಡೂ ಕಡೆಯ ಅಂಚೆಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಮಕ್ಕಳ ಫೋಟೋಗೆ ನಾನು ಇಮೇಲ್ ಬೇಡ ಅನ್ನುತ್ತೇನೆ. ಗೂಗಲ್ ಡ್ರೈವ್ ಲಿಂಕಿನಲ್ಲಿ ಒಂದು ಅನುಕೂಲವಿದೆ: ಫೈಲು ತಾಯಿಯ ಖಾತೆಯಲ್ಲೇ ಇರುತ್ತದೆ, ಕೆಲಸ ಮುಗಿದ ಮೇಲೆ ಅವರೇ ಬಾಗಿಲು ಹಾಕಬಹುದು. ಆದರೆ ಹಂಚುವಾಗ Restricted ಇಟ್ಟು ನನ್ನ ವಿಳಾಸ ಒಂದನ್ನೇ ಸೇರಿಸಬೇಕು. Anyone with the link ಎಂದು ಇಟ್ಟರೆ ಆ ಲಿಂಕು ಯಾರ ಕೈಗೆ ಹೋದರೂ ಫೋಟೋ ತೆರೆಯುತ್ತದೆ, ಅಜ್ಜಿಯ ಗ್ರೂಪಿನಲ್ಲಿ ಬಿದ್ದರೂ ಕೂಡ. ಒಮ್ಮೆ ಇಳಿಸಿಕೊಂಡ ಪ್ರತಿಯನ್ನು ಬಾಗಿಲು ಹಾಕಿ ವಾಪಸು ಪಡೆಯಲು ಆಗುವುದಿಲ್ಲ ಎಂಬುದೂ ನೆನಪಿರಲಿ. ಎ2 ಅಥವಾ ಅದಕ್ಕಿಂತ ದೊಡ್ಡ ಚಿತ್ರಕ್ಕೆ, ಹತ್ತಿರದಿಂದ ತೆಗೆದ ದೊಡ್ಡ ಫೋಟೋ ಇದ್ದಾಗ ಮಾತ್ರ ನಾನು ಡ್ರೈವ್ ಕೇಳುತ್ತೇನೆ.

ಒಮ್ಮೆ ಮಾತ್ರ ನೋಡುವ View once ಎಷ್ಟೋ ತಾಯಂದಿರು ಕೇಳುವ ದಾರಿ. ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಪೆನ್ಸಿಲ್ ಚಿತ್ರಕ್ಕೆ ನನಗೆ ಹತ್ತಿಪ್ಪತ್ತು ಗಂಟೆ ಬೇಕು, ಒಂದು ನೋಟದಲ್ಲಿ ಆಗುವ ಕೆಲಸವಲ್ಲ. ಯಾವ ಫೋಟೋ ಆಗುತ್ತದೆ ಎಂದು ಆರಿಸಲು ಅದು ಒಳ್ಳೆಯದು. ನಾಲ್ಕೈದು ಫೋಟೋಗಳನ್ನು ಹಾಗೆ ತೋರಿಸಿ, ನಾನು ಆರಿಸಿದ ಒಂದನ್ನು ಮಾತ್ರ ಕತ್ತರಿಸಿ ಕಳಿಸಿದರೆ ಉಳಿದವು ನನ್ನ ಫೋನಿನಲ್ಲಿ ಉಳಿಯುವುದೇ ಇಲ್ಲ. ಮುಂಬೈಯಲ್ಲೇ ಇರುವವರು ಮನೆಗೆ ಬಂದರೆ ಕೇಬಲ್ ಹಾಕಿ ನೇರ ಟ್ಯಾಬ್ಲೆಟ್ಟಿಗೆ ಹಾಕಿಕೊಳ್ಳುತ್ತೇನೆ, ನಡುವೆ ಯಾರ ಸರ್ವರೂ ಇಲ್ಲ.

ಫೋಟೋವೇ ಇಲ್ಲದ ದಾರಿಯನ್ನೂ ಹೇಳಬೇಕು. ಕಾಲಾ ಘೋಡಾದಲ್ಲಿ ಜಹಾಂಗೀರ್ ಗ್ಯಾಲರಿಯ ಹೊರಗೆ ಫುಟ್‌ಪಾತಿನಲ್ಲಿ ಎದುರು ಕೂರಿಸಿಕೊಂಡು ಬರೆಯುವ ಕಲಾವಿದರನ್ನು ನೀವು ನೋಡಿರಬಹುದು. ಒಂಬತ್ತು ಹತ್ತು ವರ್ಷದ ಮೇಲಿನ ಮಗು ಇಪ್ಪತ್ತು ನಿಮಿಷ ಕೂರುತ್ತದೆ. ನಯವಾಗಿ ತೀಡಿದ ಚಿತ್ರ ಬರುವುದಿಲ್ಲ, ಜೀವವಿರುವ ರೇಖೆ ಬರುತ್ತದೆ. ಅಲ್ಲಿಗೆ ಹೋಗುವುದಾದರೆ ಸುತ್ತ ನಿಂತವರು ಮೊಬೈಲು ಎತ್ತದಂತೆ ಒಬ್ಬರು ದೊಡ್ಡವರು ಪಕ್ಕದಲ್ಲಿ ನಿಲ್ಲಬೇಕು.

ಮೂಲ ಫೈಲೇ ಬೇಕಾದ ಸಂದರ್ಭದಲ್ಲಿ ಜಾಗದ ಮಾಹಿತಿಯನ್ನು ಮಾತ್ರ ತೆಗೆಯುವುದು ಸುಲಭ. ಐಫೋನಿನಲ್ಲಿ ಹಂಚುವಾಗ ಮೇಲೆ ಕಾಣುವ Options ಒತ್ತಿ Location ಆಫ್ ಮಾಡಿಬಿಡಿ. ಕಂಪ್ಯೂಟರಿನಲ್ಲಿ ನಾನು ಬಳಸುವುದು ಎಕ್ಸಿಫ್‌ಟೂಲ್ ಎಂಬ, ಟರ್ಮಿನಲ್‌ನಲ್ಲಿ ಸಾಲು ಬರೆದು ನಡೆಸುವ ಪ್ರೋಗ್ರಾಂ. ಮೊದಲನೆಯ ಸಾಲು ಜಾಗದ ಮಾಹಿತಿ ಇದೆಯೇ ಎಂದು ತೋರಿಸುತ್ತದೆ, ಎರಡನೆಯದು ತೆಗೆಯುತ್ತದೆ:

```
exiftool -gps:all photo.jpg
exiftool -gps:all= -overwrite_original photo.jpg
```

ಎರಡನೆಯ ಸಾಲಿನಲ್ಲಿ `-overwrite_original` ಬಿಟ್ಟರೆ ಅದು ಹಳೆಯ ಫೈಲನ್ನು `photo.jpg_original` ಎಂಬ ಹೆಸರಿನಲ್ಲಿ ಪಕ್ಕದಲ್ಲೇ ಇಡುತ್ತದೆ, ಜಾಗದ ಮಾಹಿತಿಯ ಸಮೇತ. ಎಷ್ಟೋ ಜನ ಇದನ್ನು ಗಮನಿಸುವುದಿಲ್ಲ. ಎಲ್ಲವನ್ನೂ ಅಳಿಸುವ `-all=` ಕೂಡ ಇದೆ, ಆದರೆ ಅದು ಫೋಟೋ ನೆಟ್ಟಗೆ ನಿಲ್ಲಬೇಕೋ ಅಡ್ಡ ಮಲಗಬೇಕೋ ಎಂಬ ಸೂಚನೆಯನ್ನೂ ಬಣ್ಣದ ಪ್ರೊಫೈಲನ್ನೂ ತೆಗೆದುಬಿಡುತ್ತದೆ. ಜಲವರ್ಣದಲ್ಲಿ ಬರೆಯುವಾಗ ಚರ್ಮದ ಬಣ್ಣ ಬದಲಾದರೆ ಕಷ್ಟ.

ಬಂದ ಮೇಲೆ ಎಲ್ಲಿ ಇಡುವುದು

ಫೋಟೋ ನನ್ನ ಫೋನಿಗೆ ಬಂದ ಕೂಡಲೇ ಏನಾಗುತ್ತದೆ ನೋಡಿ. ಆಂಡ್ರಾಯ್ಡಿನಲ್ಲಿ ವಾಟ್ಸಾಪ್ ಅದನ್ನು ಗ್ಯಾಲರಿಗೆ ತಳ್ಳುತ್ತದೆ. ಗೂಗಲ್ ಫೋಟೋಸ್‌ನಲ್ಲಿ WhatsApp Images ಫೋಲ್ಡರಿನ ಬ್ಯಾಕಪ್ ಆನ್ ಇದ್ದರೆ ಅದು ಕ್ಲೌಡಿಗೆ ಏರುತ್ತದೆ. ವಾಟ್ಸಾಪಿನ ಚಾಟ್ ಬ್ಯಾಕಪ್‌ನಲ್ಲಿ ಇನ್ನೊಂದು ಪ್ರತಿ ಕೂರುತ್ತದೆ. ಅದೇ ಖಾತೆಯನ್ನು ಮನೆಯ ಟಿವಿಗೋ ಮಗನ ಟ್ಯಾಬಿಗೋ ಹಾಕಿದ್ದರೆ ಅಲ್ಲೂ ಕಾಣುತ್ತದೆ. ನಾನು ಬೆರಳು ಆಡಿಸದೆಯೇ ಒಂದು ಫೋಟೋ ಮೂರು ನಾಲ್ಕು ಆಯಿತು.

ಆದ್ದರಿಂದ ಫೋಟೋ ಬರುವ ಮೊದಲೇ ಆ ಚಾಟಿನ ಹೆಸರಿನ ಮೇಲೆ ಒತ್ತಿ Media visibility ಎಂಬಲ್ಲಿ No ಕೊಡುತ್ತೇನೆ. ಐಫೋನಿನಲ್ಲಿ ಅದರ ಹೆಸರು Save to Photos, ಅಲ್ಲಿ Never. ಚಾಟ್ ಬ್ಯಾಕಪ್ ಇಡುವವರು ಅದನ್ನು ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆಯನ್ನು ಆನ್ ಮಾಡಿಕೊಳ್ಳಬೇಕು. ಏಳು ದಿನಕ್ಕೆ ಮಾಯವಾಗುವ ಸಂದೇಶ ಹಾಕಿದ್ದೇವೆ, ಸಾಕಲ್ಲ ಎನ್ನುವವರಿದ್ದಾರೆ. ಚಾಟಿನಿಂದ ಮಾಯವಾಗುತ್ತದೆ ನಿಜ, ಗ್ಯಾಲರಿಗೆ ಉಳಿಸಿಕೊಂಡ ಪ್ರತಿ ಅಲ್ಲೇ ಇರುತ್ತದೆ.

ಕೆಲಸದ ಪ್ರತಿಯನ್ನು ಎಲ್ಲಿ ಇಡಬೇಕು ಎಂಬುದಕ್ಕೆ ನಾನು ಮೂರು ಜಾಗ ಬಳಸಿ ನೋಡಿದ್ದೇನೆ. ಪೆನ್ ಡ್ರೈವ್ ಅಗ್ಗ, ಅಷ್ಟೇ ಸುಲಭವಾಗಿ ಕಳೆದುಹೋಗುತ್ತದೆ. ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ಬ್ಯಾಗಿನಿಂದ ಬಿದ್ದರೆ ಸಿಕ್ಕಿದವರು ಚುಚ್ಚಿ ನೋಡಬಹುದು. ವೆರಾಕ್ರಿಪ್ಟ್ ಎಂಬ ಪ್ರೋಗ್ರಾಮಿನಿಂದ ಬೀಗ ಹಾಕಿದ ಪೆನ್ ಡ್ರೈವ್ ಆ ಭಯ ತಪ್ಪಿಸುತ್ತದೆ, ಆದರೆ ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆರೆಯಲಾಗದು. ಗೂಗಲ್ ಫೋಟೋಸ್‌ನ Locked Folder ಫೋನಿನಲ್ಲೇ ಇದೆ, ಬೇರೆ ಏನೂ ಬೇಡ. ಬ್ಯಾಕಪ್ ಆನ್ ಮಾಡದಿದ್ದರೆ ಅಲ್ಲಿಯದು ಕ್ಲೌಡಿಗೆ ಹೋಗುವುದಿಲ್ಲ. ಹಾಗೆಯೇ ಆ್ಯಪ್ ತೆಗೆದುಹಾಕಿದರೆ ಫೋಟೋವೂ ಹೋಗುತ್ತದೆ. ಒಂದೆರಡು ಆರ್ಡರ್ ಮಾಡುವವರಿಗೆ ಇದೇ ಸಾಕು.

ನಾನು ಕೊನೆಗೆ ನಿಂತದ್ದು ಹಳೆಯ ಟ್ಯಾಬ್ಲೆಟ್ಟಿನ ಮೇಲೆ. ಅದರಲ್ಲಿ ಸಿಮ್ ಇಲ್ಲ, ಯಾವ ಖಾತೆಯೂ ಇಲ್ಲ, ಸದಾ ಏರೋಪ್ಲೇನ್ ಮೋಡ್, ಪರದೆಗೆ ಪಿನ್. ಫೋನಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಟ್ಯಾಬಿಗೆ ಕೇಬಲಿನಲ್ಲಿ ಹಾಕಿ, ಫೋನು ಮತ್ತು ಲ್ಯಾಪ್‌ಟಾಪಿನ ಪ್ರತಿಗಳನ್ನು ಆಗಲೇ ಅಳಿಸುತ್ತೇನೆ. ಈಸೆಲ್ಲಿನ ಪಕ್ಕ ಅದನ್ನು ನಿಲ್ಲಿಸಿಕೊಂಡು ಬರೆಯುತ್ತೇನೆ. ಫೈಲಿಗೆ ಮಗುವಿನ ಹೆಸರು ಇಡುವುದಿಲ್ಲ, ಆರ್ಡರಿನ ನಂಬರು ಇಡುತ್ತೇನೆ.

ಫೋಟೋ ಮಂಕಾಗಿದೆ ಎಂದು ಚೊಕ್ಕ ಮಾಡುವ ಆ್ಯಪಿಗೆ ಹಾಕುವ ಅಭ್ಯಾಸವಿದ್ದರೆ ಮಕ್ಕಳ ಫೋಟೋದಲ್ಲಿ ಅದನ್ನು ಬಿಡಿ. ಬಹಳಷ್ಟು ಆ್ಯಪುಗಳು ಫೋಟೋವನ್ನು ತಮ್ಮ ಸರ್ವರಿಗೆ ಏರಿಸಿಯೇ ಕೆಲಸ ಮಾಡುತ್ತವೆ. ಬೆಳಕು, ನೆರಳು ಹೆಚ್ಚು ಕಡಿಮೆ ಮಾಡುವುದು ಟ್ಯಾಬಿನ ಸ್ವಂತ ಎಡಿಟರಿನಲ್ಲೇ ಆಗುತ್ತದೆ.

ಐಪ್ಯಾಡಿನಲ್ಲಿ ಚಿತ್ರ ಬರೆಯುವ ಪ್ರೊಕ್ರಿಯೇಟ್ ಆ್ಯಪಿನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು, ನಾನೇ ಪೆಟ್ಟು ತಿಂದು ಕಲಿತದ್ದು. ಕೆಲವು ವರ್ಷಗಳ ಹಿಂದೆ ಒಂದು ಮಗುವಿನ ಫೋಟೋವನ್ನು ಪದರವಾಗಿ ಒಳಗೆ ಹಾಕಿ ಅದರ ಮೇಲೆ ಚೌಕ ಎಳೆದು ಬರೆದೆ. ಮುಗಿದ ಮೇಲೆ ಆ ಆ್ಯಪ್ ತಾನೇ ಮಾಡಿದ ಟೈಮ್‌ಲ್ಯಾಪ್ಸ್ ವಿಡಿಯೋವನ್ನು ತಾಯಿಗೆ ಕಳಿಸಿದೆ, ಅವರು ಖುಷಿಯಿಂದ ನಾಲ್ಕು ಕಡೆ ಕಳಿಸಿದರು. ವಿಡಿಯೋದ ಮೊದಲ ಸೆಕೆಂಡಿನಲ್ಲಿ ಪೂರ್ತಿ ಫೋಟೋ ಇತ್ತು, ಹಿಂದೆ ಆಟವಾಡುತ್ತಿದ್ದ ಪಕ್ಕದ ಮನೆಯ ಮಕ್ಕಳ ಸಮೇತ. ಆ ಮಕ್ಕಳ ಮನೆಯವರು ಹೇಳಿದಾಗಲೇ ನನಗೆ ಗೊತ್ತಾದದ್ದು, ಅಷ್ಟರಲ್ಲಿ ಅದು ಎಲ್ಲೆಲ್ಲಿ ಹೋಗಿತ್ತೋ. ಪ್ರೊಕ್ರಿಯೇಟ್‌ನಲ್ಲಿ ಫೋಟೋ ಸೇರಿಸುವ ಸಾಲನ್ನು ಎಡಕ್ಕೆ ಸರಿಸಿದರೆ Insert a private photo ಎಂಬುದು ಸಿಗುತ್ತದೆ. ಹಾಗೆ ಹಾಕಿದ್ದು ಟೈಮ್‌ಲ್ಯಾಪ್ಸಿನಲ್ಲಿ ಕಾಣುವುದಿಲ್ಲ. ಆದರೂ ಫೋಟೋ ಆ ಫೈಲಿನೊಳಗೆ ಪದರವಾಗಿ ಇದ್ದೇ ಇರುತ್ತದೆ, ಗ್ಯಾಲರಿಯಲ್ಲಿ ಫೋಟೋ ಅಳಿಸಿ ‘ಮುಗಿಯಿತು’ ಎಂದುಕೊಂಡರೆ ಮುಗಿದಿರುವುದಿಲ್ಲ. ರೆಫರೆನ್ಸ್‌ಗಳನ್ನು ಒಂದೇ ಹಲಗೆಯ ಮೇಲೆ ಜೋಡಿಸಿಡುವ ಪ್ಯೂರ್‌ರೆಫ್‌ನಂಥವೂ ಹಾಗೆಯೇ, ಉಳಿಸಿದ ಫೈಲಿನೊಳಗೆ ಚಿತ್ರದ ಪ್ರತಿ ಕೂತಿರುತ್ತದೆ.

ಮುದ್ರಿಸುವುದು

ಚೌಕಮನೆ ಎಳೆದು ಅಳತೆ ತೆಗೆಯಲು ಕಾಗದದ ಪ್ರಿಂಟು ಬೇಕೆನ್ನುವವರು ನಮ್ಮಲ್ಲಿ ಇನ್ನೂ ಜಾಸ್ತಿ. ನಾನೂ ಹಾಗೆಯೇ ಇದ್ದೆ. ಸ್ಟೇಷನ್ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯ ನಂಬರಿಗೆ ಫೋಟೋ ಕಳಿಸಿ, ಸಂಜೆ ಹೋಗಿ ಪ್ರಿಂಟು ತರುತ್ತಿದ್ದೆ. ಒಂದು ದಿನ ಅಲ್ಲಿ ಕಾಯುತ್ತಿದ್ದಾಗ ಕೌಂಟರಿನ ಹುಡುಗ ಲೆಕ್ಕ ಬರೆಯಲು ಒಂದು ಹಾಳೆ ಎಳೆದುಕೊಂಡ. ಅದರ ಹಿಂಬದಿಯಲ್ಲಿ ನಾನು ಎರಡು ವಾರದ ಹಿಂದೆ ಕಳಿಸಿದ್ದ ಮಗುವಿನ ಮುಖ ಇತ್ತು, ಶಾಯಿ ಸರಿಯಾಗಿ ಬೀಳದೆ ಪಟ್ಟೆಪಟ್ಟೆಯಾಗಿ. ಕೆಟ್ಟ ಪ್ರಿಂಟುಗಳನ್ನೆಲ್ಲ ಅವರು ರಫ್ ಕಾಗದವಾಗಿ ಇಟ್ಟುಕೊಳ್ಳುತ್ತಿದ್ದರು. ಅವನಿಗೆ ಕೆಟ್ಟ ಉದ್ದೇಶ ಯಾವುದೂ ಇರಲಿಲ್ಲ. ಕಾಗದ ದುಂದು ಮಾಡಬಾರದು ಎಂದು ಮನೆಯಲ್ಲಿ ಕಲಿತಿದ್ದ, ಅಷ್ಟೇ. ಆ ಹಾಳೆ ಕೇಳಿ ತೆಗೆದುಕೊಂಡು ಬಂದೆ. ಅದೇ ಕಂಪ್ಯೂಟರಿನ Downloads ಫೋಲ್ಡರಿನಲ್ಲಿ ನಾನು ಕಳಿಸಿದ ಎಲ್ಲ ಮಕ್ಕಳೂ ಇರಬಹುದು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಮನೆಯ ಸಣ್ಣ ಇಂಕ್‌ಜೆಟ್ ಇದ್ದರೆ ಅದೇ ಸರಿ. ಕಪ್ಪುಬಿಳುಪಿನ ಪ್ರಿಂಟು ಅಳತೆಗೆ ಸಾಕು. ಅಂಗಡಿಗೇ ಹೋಗಬೇಕಾದರೆ ನಂಬರಿಗೂ ಇಮೇಲಿಗೂ ಕಳಿಸಬೇಡಿ. ಬೇರೇನೂ ಇಲ್ಲದ ಪೆನ್ ಡ್ರೈವಿನಲ್ಲಿ ಕತ್ತರಿಸಿದ ಒಂದೇ ಫೈಲು ಒಯ್ಯಿರಿ, ಡ್ರೈವಿನಿಂದಲೇ ತೆರೆದು ಮುದ್ರಿಸಲು ಹೇಳಿ, ಡೆಸ್ಕ್‌ಟಾಪಿಗೆ ನಕಲು ಮಾಡಿಕೊಂಡರೆ ಎದುರೇ Shift + Delete ಒತ್ತಿಸಿ, ಕೆಟ್ಟ ಹಾಳೆಗಳನ್ನೂ ಕೇಳಿ ತನ್ನಿ. ನಾಲ್ಕು ಜನ ಸಾಲಿನಲ್ಲಿರುವಾಗ ಇದನ್ನು ಕೇಳಲು ಸಂಕೋಚವಾಗುತ್ತದೆ. ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ ಹೋದರೆ ಅಂಗಡಿಯವರೂ ಸಹನೆಯಿಂದ ಮಾಡಿಕೊಡುತ್ತಾರೆ.

ನಾನು ಈಗ ಮುದ್ರಿಸುವುದನ್ನೇ ಬಿಟ್ಟಿದ್ದೇನೆ. ಟ್ಯಾಬಿನಲ್ಲಿ ಫೋಟೋ ಮೇಲೆ ಚೌಕಮನೆ ಹಾಕಿ, ಅದನ್ನೇ ನೋಡಿ ಕಾಗದಕ್ಕೆ ಇಳಿಸುತ್ತೇನೆ.

ಚಿತ್ರ ಮುಗಿದ ಮೇಲೆ ತೋರಿಸುವುದು

ಫೋಟೋ ಒಂದು ಕಡೆ, ಚಿತ್ರ ಇನ್ನೊಂದು ಕಡೆ ಇಟ್ಟು ‘ನೋಡಿ ಎಷ್ಟು ಹೋಲುತ್ತದೆ’ ಎಂದು ಇನ್‌ಸ್ಟಾಗ್ರಾಮಿಗೆ ಹಾಕುವುದು ನಮ್ಮ ಕಸುಬಿನ ರೂಢಿ. ಆರ್ಡರು ಬರುವುದೂ ಅದರಿಂದಲೇ, ಆ ಸೆಳೆತ ನನಗೂ ಗೊತ್ತು. ಆದರೆ ಹಾಗೆ ಹಾಕಿದಾಗ ಮಗುವಿನ ಫೋಟೋವನ್ನು ಅಪರಿಚಿತರಿಗೆ ಹಂಚಿದ್ದು ನಾವು. ಬರೀ ಚಿತ್ರ ಹಾಕಿದರೆ ಪರವಾಗಿಲ್ಲವೇ? ಪೂರ್ತಿ ಅಲ್ಲ. ಚೆನ್ನಾಗಿ ಹೋಲುವ ಪೆನ್ಸಿಲ್ ಚಿತ್ರವೂ ಮಗುವಿನ ಮುಖವೇ. ಜೊತೆಗೆ ಹೆಸರು, ‘ಏಳನೇ ಹುಟ್ಟುಹಬ್ಬಕ್ಕೆ’, ‘ಪುಣೆಯ ಕೋಥ್ರುಡ್’ ಎಂದೆಲ್ಲ ಬರೆದರೆ ಕತ್ತರಿಸಿ ತೆಗೆದದ್ದನ್ನು ಅಕ್ಷರದಲ್ಲಿ ವಾಪಸು ಹಾಕಿದಂತೆ.

ಹಕ್ಕಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ವಿಧಿ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ಬರೆಸಿದ ಭಾವಚಿತ್ರದ ಮೊದಲ ಹಕ್ಕುದಾರರು ಬರೆಸಿದವರೇ ಎನ್ನುತ್ತದೆ. ದುಡ್ಡು ಕೊಟ್ಟು ತೆಗೆಸಿದ ಫೋಟೋಗೂ ಅದೇ ಮಾತು. ‘ನಾನು ಬರೆದದ್ದು, ನನ್ನದು’ ಎಂದು ಚಿತ್ರಕಾರರು ತಿಳಿದಿರುತ್ತಾರೆ, ಕಾಯ್ದೆ ಹಾಗೆ ಹೇಳುವುದಿಲ್ಲ. ಮನೆಯವರಿಗೂ ಒಂದು ಎಚ್ಚರ ಇದರಲ್ಲಿದೆ: ಶಾಲೆಯವರು ಫೋಟೋಗ್ರಾಫರನ್ನು ಕರೆಸಿ ತೆಗೆಸಿದ ಗ್ರೂಪ್ ಫೋಟೋದಿಂದ ನಿಮ್ಮ ಮಗುವನ್ನು ಕತ್ತರಿಸಿ ಕಳಿಸುವಾಗ ಆ ಫೋಟೋ ನಿಮ್ಮದಲ್ಲದೆ ಇರಬಹುದು. ಮನೆಯಲ್ಲಿ ತೆಗೆದ ಫೋಟೋವೇ ಲೇಸು.

ಹಾಗಾದರೆ ಹೊಸ ಗಿರಾಕಿಗೆ ಏನು ತೋರಿಸುವುದು? ನಾನು ತುಣುಕು ತೋರಿಸುತ್ತೇನೆ: ಜಡೆ, ರಿಬ್ಬನ್ನಿನ ಗಂಟು, ಬಾಟಲಿ ಹಿಡಿದ ಬೆರಳು. ಕೈ ಪಳಗಿದೆಯೇ ಎಂದು ಅಳೆಯಲು ಬಲ್ಲವರಿಗೆ ಬೆರಳು ಸಾಕು. ಮುಖವನ್ನು ಹೋಲಿಸಿ ತೋರಿಸಲು ನನ್ನ ಅಪ್ಪನ ಚಿತ್ರ ಮತ್ತು ಫೋಟೋ ಇದೆ, ಅವರ ಒಪ್ಪಿಗೆಯಿಂದ. ಮಕ್ಕಳ ಕೆಲವು ಚಿತ್ರಗಳ ಪ್ರತಿ ಒಂದು ಆಲ್ಬಮಿನಲ್ಲಿದೆ, ಪ್ರತಿಯೊಂದಕ್ಕೂ ತಾಯಿಯೋ ತಂದೆಯೋ ಬರೆದುಕೊಟ್ಟ ಒಪ್ಪಿಗೆ ಇದೆ. ಅದನ್ನು ಎದುರು ಕೂತವರಿಗೆ ಮಾತ್ರ ತೋರಿಸುತ್ತೇನೆ. ಗಿರಾಕಿ ಎರಡು ಕಡಿಮೆ ಆಗಿರಬಹುದು.

ಅಳಿಸುವುದು

ಮುಲುಂಡಿನ ಚಿತ್ರ ಮುಗಿಯಲು ಹದಿನೆಂಟು ದಿನ ಹಿಡಿಯಿತು. ಅಜ್ಜಿಯೇ ಅದನ್ನು ಪುಣೆಗೆ ಒಯ್ದರು. ಹದಿನೈದು ದಿನ ನಾನು ಫೋಟೋ ಇಟ್ಟುಕೊಂಡದ್ದಕ್ಕೆ ಕಾರಣವಿದೆ: ಚೌಕಟ್ಟು ಹಾಕುವವರ ಕೈ ತಗುಲಿ ಪೆನ್ಸಿಲು ಒರೆಸಿಹೋಗುವುದುಂಟು, ತಿದ್ದಲು ಫೋಟೋ ಬೇಕಾಗುತ್ತದೆ. ಚಿತ್ರ ಗೋಡೆಗೆ ಏರಿದೆ ಎಂದು ತಿಳಿದ ಮೇಲೆ ಅಳಿಸಲು ಕೂತೆ.

ಅಳಿಸುವಾಗ ಜನ ಮರೆಯುವುದು ಕಸದಬುಟ್ಟಿಯನ್ನು. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋ ಅಳಿಸಿದರೆ ಅದು 60 ದಿನ Trashನಲ್ಲಿ ಇರುತ್ತದೆ. ಡ್ರೈವಿನ ಕಸದಬುಟ್ಟಿ 30 ದಿನ ಇಟ್ಟುಕೊಳ್ಳುತ್ತದೆ, ಐಫೋನಿನ Recently Deleted ಕೂಡ ಸುಮಾರು ಅಷ್ಟೇ. ಕೈಯಾರೆ ಖಾಲಿ ಮಾಡಿದರೆ ಮಾತ್ರ ಆಗಲೇ ಹೋಗುತ್ತದೆ. ವಾಟ್ಸಾಪಿನಲ್ಲಿ ಸಂದೇಶ ಅಳಿಸುವಾಗ ಫೋನಿನಲ್ಲಿರುವ ಫೈಲನ್ನೂ ಅಳಿಸಲೇ ಎಂದು ಕೇಳುವ ಚೌಕಕ್ಕೆ ಗುರುತು ಹಾಕಬೇಕು. ಅಜ್ಜಿ ಮೊದಲು ಡಾಕ್ಯುಮೆಂಟ್ ಆಗಿ ಕಳಿಸಿದ್ದ ಆ ಪೂರ್ತಿ ಫೋಟೋವನ್ನು ನಾನು ಅಂದೇ ಅಳಿಸಿದ್ದೆ, ಅಜ್ಜಿಯ ಕಡೆಯ ಚಾಟಿನಲ್ಲಿ ಮಾತ್ರ ಅದು ಉಳಿದಿತ್ತು. ಅದನ್ನೂ ತೆಗೆಸಿದೆ. ಟ್ಯಾಬಿನಿಂದ ಫೋಟೋ, ಚೌಕಮನೆಯ ಫೈಲು, ಆಮೇಲೆ ಕಸದಬುಟ್ಟಿ.

ಎಲ್ಲ ಆದ ಮೇಲೆ ತಾಯಿಗೆ ಒಂದು ಸಾಲು ಬರೆದೆ: “ನಿಮ್ಮ ಮಗಳ ಫೋಟೋ ನನ್ನ ಹತ್ತಿರ ಈಗ ಎಲ್ಲೂ ಇಲ್ಲ.” ಅವರು ಉತ್ತರವಾಗಿ ತಮ್ಮ ಮನೆಯ ಗೋಡೆಯ ಫೋಟೋ ಕಳಿಸಿದರು. ಚಿತ್ರದ ಚೌಕಟ್ಟು, ಅದರ ಕೆಳಗೆ ಮಲ್ಲಿಗೆಯ ಒಂದು ಎಳೆ ಮಾಲೆ, ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತ ಹುಡುಗಿಯ ಜಡೆ. ಅದನ್ನು ತಾಯಿಯೇ ಹಾಗೆ ನಿಲ್ಲಿಸಿ ತೆಗೆದಿದ್ದರು.